ದಾಖಲೆಯ ವಯಸ್ಸಿನಿಂದ ಜನ್ಮವರ್ಷದ ನಿರ್ಣಯ

ದಾಖಲೆಯ ವಯಸ್ಸಿನಿಂದ ಜನ್ಮವರ್ಷದ ನಿರ್ಣಯ ಎಂದರೆ, ಕಾಲ ತಿಳಿದಿರುವ ಒಂದು ಹಳೆಯ ದಾಖಲೆಯಲ್ಲಿ ನಮೂದಾಗಿರುವ ವಯಸ್ಸನ್ನು ಆಧಾರವಾಗಿಟ್ಟುಕೊಂಡು, ಆ ವ್ಯಕ್ತಿ ಹುಟ್ಟಿದ ವರ್ಷವನ್ನು ಲೆಕ್ಕಹಾಕುವ ವಿಧಾನ. ವಂಶಾವಳಿಯ ಅಧ್ಯಯನ, ಸ್ಥಳೀಯ ಇತಿಹಾಸ ಮತ್ತು ಜೀವನಚರಿತ್ರೆಯ ರಚನೆಯಲ್ಲಿ ಇದು ಬಳಕೆಯಲ್ಲಿದೆ. ಜನನ ನೋಂದಣಿ ಇಲ್ಲದ ಅಥವಾ ಅದು ಉಳಿದುಬಂದಿಲ್ಲದ ಸಂದರ್ಭಗಳಲ್ಲಿ ಕ್ರಯಪತ್ರ, ಮತದಾರರ ಪಟ್ಟಿ, ಮರಣ ನೋಂದಣಿ, ಜನಗಣತಿಯ ಹಾಳೆ, ಸಮಾಧಿಯ ಬರಹ ಮೊದಲಾದವುಗಳಲ್ಲಿನ ವಯಸ್ಸೇ ಮುಖ್ಯ ಸುಳಿವಾಗುತ್ತದೆ.

ದಾಖಲೆಯ ವರ್ಷದಿಂದ ವಯಸ್ಸನ್ನು ಕಳೆದರೆ ಜನ್ಮವರ್ಷ ದೊರೆಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಒಂದು ವಯಸ್ಸಿನಿಂದ ದೊರೆಯುವುದು ಒಂದು ವರ್ಷವಲ್ಲ, ಎರಡು ದಿನಾಂಕಗಳ ನಡುವಿನ ಒಂದು ಅವಧಿ. ಈ ಅವಧಿಯು ಬಹುಮಟ್ಟಿಗೆ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಈ ಲೇಖನದಲ್ಲಿ *ಜನನಾವಧಿ* ಎಂದು ಕರೆಯಲಾಗಿದೆ.

## ಮೂಲ ಲೆಕ್ಕ

ವ್ಯಕ್ತಿಯೊಬ್ಬರ ವಯಸ್ಸು 37 ಎಂದರೆ, ಇಂದಿನ ರೂಢಿಯಂತೆ, ಅವರಿಗೆ 37 ವರ್ಷ ತುಂಬಿದೆ, 38 ಇನ್ನೂ ತುಂಬಿಲ್ಲ ಎಂದು ಅರ್ಥ. 1931ರ ಮಾರ್ಚ್ 10ರಂದು ಬರೆದ ಪತ್ರವೊಂದರಲ್ಲಿ ಒಬ್ಬರ ವಯಸ್ಸು 37 ಎಂದಿದೆ ಎಂದು ಭಾವಿಸೋಣ. ಅಂದೇ ಅವರಿಗೆ 37 ತುಂಬಿದ್ದರೆ ಅವರು ಹುಟ್ಟಿದ್ದು 1894ರ ಮಾರ್ಚ್ 10ರಂದು. ಮರುದಿನವೇ 38 ತುಂಬಲಿದ್ದರೆ ಅವರು ಹುಟ್ಟಿದ್ದು 1893ರ ಮಾರ್ಚ್ 11ರಂದು. ಆದ್ದರಿಂದ ಅವರ ಜನನಾವಧಿಯು 1893ರ ಮಾರ್ಚ್ 11ರಿಂದ 1894ರ ಮಾರ್ಚ್ 10ರವರೆಗಿನ ಒಂದು ವರ್ಷ. ಇದನ್ನು ಹೀಗೆ ಸಂಗ್ರಹಿಸಬಹುದು:

* ದಾಖಲೆಯ ದಿನಾಂಕದ ವೇಳೆಗೆ ಆ ವರ್ಷದ ಹುಟ್ಟುಹಬ್ಬ ಕಳೆದಿದ್ದರೆ: ಜನ್ಮವರ್ಷ = ದಾಖಲೆಯ ವರ್ಷ − ವಯಸ್ಸು
* ಹುಟ್ಟುಹಬ್ಬ ಇನ್ನೂ ಬಂದಿರದಿದ್ದರೆ: ಜನ್ಮವರ್ಷ = ದಾಖಲೆಯ ವರ್ಷ − ವಯಸ್ಸು − 1

ಹುಟ್ಟುಹಬ್ಬ ಯಾವಾಗ ಎಂಬುದು ತಿಳಿಯದಿರುವುದರಿಂದಲೇ ಈ ಲೆಕ್ಕದ ಅಗತ್ಯ ಬಂದಿರುತ್ತದೆ. ಹಾಗಾಗಿ ಎರಡೂ ವರ್ಷಗಳನ್ನು ಪರಿಗಣಿಸಬೇಕಾಗುತ್ತದೆ.

### ದಾಖಲೆಯ ದಿನಾಂಕದ ಪ್ರಭಾವ

ಈ ಎರಡು ವರ್ಷಗಳ ಸಂಭಾವ್ಯತೆ ಸಮಾನವಲ್ಲ. ಮೇಲಿನ ಉದಾಹರಣೆಯ ಜನನಾವಧಿಯಲ್ಲಿ 1893ಕ್ಕೆ ಸೇರಿದ ದಿನಗಳು 296, 1894ಕ್ಕೆ ಸೇರಿದ ದಿನಗಳು ಕೇವಲ 69. ಜನನಗಳು ವರ್ಷವಿಡೀ ಸಮನಾಗಿ ಹಂಚಿಕೆಯಾಗಿವೆ ಎಂದುಕೊಂಡರೆ, ಅವರು 1893ರಲ್ಲಿ ಹುಟ್ಟಿರುವ ಸಂಭವ ಶೇಕಡಾ 81ರಷ್ಟು. ಸರಳವಾಗಿ ಕಳೆದಾಗ ಬರುವ 1894ರ ಸಂಭವ ಶೇಕಡಾ 19ರಷ್ಟು ಮಾತ್ರ. ದಾಖಲೆ ಡಿಸೆಂಬರ್ ತಿಂಗಳಿನದಾಗಿದ್ದರೆ ಇದು ತಿರುವುಮುರುವಾಗುತ್ತದೆ. ಜುಲೈ ಆರಂಭದ ದಾಖಲೆಯಲ್ಲಿ ಎರಡೂ ವರ್ಷಗಳು ಸಮಬಲವಾಗಿರುತ್ತವೆ.

ಭಾರತದ ಮತದಾರರ ಪಟ್ಟಿಗಳು ಇದರ ತುದಿಯ ಉದಾಹರಣೆ. ಈ ಪಟ್ಟಿಗಳಲ್ಲಿ ವಯಸ್ಸನ್ನು ಲೆಕ್ಕಹಾಕಲು *ಅರ್ಹತಾ ದಿನಾಂಕ*ವೊಂದಿರುತ್ತದೆ. ದಶಕಗಳ ಕಾಲ ಅದು ಆಯಾ ವರ್ಷದ ಜನವರಿ 1 ಆಗಿತ್ತು. ಜನವರಿ 1ರ ವೇಳೆಗೆ ಆ ವರ್ಷದ ಹುಟ್ಟುಹಬ್ಬ ಬಂದಿರುವುದು ಜನವರಿ 1ರಂದೇ ಹುಟ್ಟಿದವರಿಗೆ ಮಾತ್ರ. ಆದ್ದರಿಂದ ಇಂತಹ ಪಟ್ಟಿಯಿಂದ ಜನ್ಮವರ್ಷ ತಿಳಿಯಲು ವಯಸ್ಸನ್ನು ಕಳೆದ ಮೇಲೆ ಇನ್ನೂ ಒಂದನ್ನು ಕಳೆಯಬೇಕು. ಪಟ್ಟಿ ಅಚ್ಚಾದ ತಿಂಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮುಖಪುಟದಲ್ಲಿ ಸೂಚಿಸಿರುವ ಅರ್ಹತಾ ದಿನಾಂಕವೇ ಪ್ರಮಾಣ.

ದಾಖಲೆಯ ವರ್ಷ ಮಾತ್ರ ತಿಳಿದಿದ್ದು ದಿನ ಮತ್ತು ತಿಂಗಳು ತಿಳಿಯದಿದ್ದರೆ ಜನನಾವಧಿಯು ಸುಮಾರು ಎರಡು ವರ್ಷಗಳಷ್ಟು ವಿಸ್ತಾರವಾಗುತ್ತದೆ. ಆಗ ಎರಡು ವರ್ಷಗಳಲ್ಲಿ ಒಂದನ್ನು ಆರಿಸಲು ಆಧಾರವಿರುವುದಿಲ್ಲ.

## ತುಂಬಿದ ವಯಸ್ಸು ಮತ್ತು ನಡೆಯುವ ವಯಸ್ಸು

ಮೂಲ ಲೆಕ್ಕವು ದಾಖಲೆಯಲ್ಲಿರುವುದು ತುಂಬಿದ ವಯಸ್ಸು ಎಂದು ಭಾವಿಸುತ್ತದೆ. ಆದರೆ ಕನ್ನಡದ ಮಾತಿನಲ್ಲಿಯೇ ವಯಸ್ಸನ್ನು ಹೇಳುವ ಎರಡು ಕ್ರಮಗಳಿವೆ. "ಐವತ್ತೆರಡು ತುಂಬಿದೆ" ಎನ್ನುವುದು ಒಂದು, "ಐವತ್ತಮೂರು ನಡೆಯುತ್ತಿದೆ" ಎನ್ನುವುದು ಇನ್ನೊಂದು. ಎರಡೂ ಒಂದೇ ವಯಸ್ಸನ್ನು ಸೂಚಿಸುತ್ತವೆ. ಬರೆದುಕೊಂಡವರು ಕ್ರಿಯಾಪದವನ್ನು ಬಿಟ್ಟು ಅಂಕಿಯನ್ನು ಮಾತ್ರ ಉಳಿಸಿದಾಗ, ಅದು ಯಾವ ಕ್ರಮದ ವಯಸ್ಸು ಎಂಬುದು ಮರೆಯಾಗುತ್ತದೆ. ನಡೆಯುವ ವಯಸ್ಸನ್ನು ತುಂಬಿದ ವಯಸ್ಸೆಂದು ಎಣಿಸಿದರೆ ಜನನಾವಧಿಯು ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ ವಿಲಿಯಂ ಷೇಕ್ಸ್‌ಪಿಯರನ ಸ್ಮಾರಕ. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿರುವ ಈ ಸ್ಮಾರಕದ ಲ್ಯಾಟಿನ್ ಬರಹವು ಆತ 1616ರ ಏಪ್ರಿಲ್ 23ರಂದು ತೀರಿಕೊಂಡನೆಂದೂ ಆತನ ವಯಸ್ಸು 53 ಎಂದೂ ತಿಳಿಸುತ್ತದೆ. ಇದನ್ನು ತುಂಬಿದ ವಯಸ್ಸೆಂದು ಓದಿದರೆ ಜನನಾವಧಿಯು 1562ರ ಏಪ್ರಿಲ್ 24ರಿಂದ 1563ರ ಏಪ್ರಿಲ್ 23ರವರೆಗೆ ಬರುತ್ತದೆ. ಆದರೆ ಅದೇ ಊರಿನ ಚರ್ಚಿನ ದಾಖಲೆಯ ಪ್ರಕಾರ ಆತನ ದೀಕ್ಷಾಸ್ನಾನ ನಡೆದದ್ದು 1564ರ ಏಪ್ರಿಲ್ 26ರಂದು. ಶಿಶುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ಮಾಡಿಸುವುದು ಅಂದಿನ ವಾಡಿಕೆಯಾದ್ದರಿಂದ ಒಂದು ವರ್ಷದ ವಿಳಂಬ ಒಪ್ಪತಕ್ಕದ್ದಲ್ಲ. ಬರಹವನ್ನು "53ನೆಯ ವರ್ಷದಲ್ಲಿ" ಎಂದು ಓದಿದರೆ ತುಂಬಿದ ವಯಸ್ಸು 52 ಆಗುತ್ತದೆ. ಜನನಾವಧಿಯು 1563ರ ಏಪ್ರಿಲ್ 24ರಿಂದ 1564ರ ಏಪ್ರಿಲ್ 23ರವರೆಗೆ ಬಂದು ಎರಡು ದಾಖಲೆಗಳೂ ಹೊಂದಿಕೊಳ್ಳುತ್ತವೆ. ಆತ ಏಪ್ರಿಲ್ 23ರಂದು ಅಥವಾ ಅದಕ್ಕಿಂತ ಸ್ವಲ್ಪ ಮೊದಲು ಹುಟ್ಟಿದ್ದನೆಂಬ ವಾದಕ್ಕೂ ಈ ಓದು ಬೆಂಬಲ ನೀಡುತ್ತದೆ.

ಪೂರ್ವ ಏಷ್ಯಾದಲ್ಲಿ ಇದಕ್ಕಿಂತ ಭಿನ್ನವಾದ ಎಣಿಕೆ ರೂಢಿಯಲ್ಲಿತ್ತು. ಮಗು ಹುಟ್ಟಿದಾಗಲೇ ಅದಕ್ಕೆ ಒಂದು ವರ್ಷವೆಂದು ಎಣಿಸಿ, ಪ್ರತಿ ಹೊಸವರ್ಷದ ದಿನ ಒಂದನ್ನು ಕೂಡಿಸಲಾಗುತ್ತಿತ್ತು. ಇಂತಹ ದಾಖಲೆಯಲ್ಲಿ ಜನ್ಮವರ್ಷ = ದಾಖಲೆಯ ವರ್ಷ − ವಯಸ್ಸು + 1. ಇಲ್ಲಿ ಹುಟ್ಟುಹಬ್ಬದ ಪ್ರಶ್ನೆಯೇ ಇಲ್ಲದಿರುವುದರಿಂದ ಒಂದೇ ವರ್ಷ ದೊರೆಯುತ್ತದೆ. ಆದರೆ ಅದು ಆ ನಾಡಿನ ಪಂಚಾಂಗದ ವರ್ಷವಾಗಿರಬಹುದು. ದಕ್ಷಿಣ ಕೊರಿಯಾವು ಕಾನೂನು ಮತ್ತು ಆಡಳಿತದ ವ್ಯವಹಾರಗಳಲ್ಲಿ ತುಂಬಿದ ವಯಸ್ಸನ್ನೇ ಬಳಸುವ ನಿಯಮವನ್ನು 2023ರ ಜೂನ್ 28ರಿಂದ ಜಾರಿಗೆ ತಂದಿತು.

## ದುಂಡು ವಯಸ್ಸು

ತಮ್ಮ ವಯಸ್ಸು ಖಚಿತವಾಗಿ ತಿಳಿಯದವರು 30, 35, 40, 50 ಎಂಬಂತೆ ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಯನ್ನು ಹೇಳುವುದು ಸಾಮಾನ್ಯ. ಎಷ್ಟೋ ವೇಳೆ ಎದುರಿಗಿದ್ದ ಗುಮಾಸ್ತನೇ ನೋಡಿ ಅಂದಾಜು ಮಾಡಿ ಬರೆಯುತ್ತಿದ್ದನು. ಭಾರತದ ಹಳೆಯ ಜನಗಣತಿಗಳಲ್ಲಿ ಈ ಸಂಖ್ಯೆಗಳ ಸುತ್ತ ಜನರ ಗುಂಪು ಅಸಹಜವಾಗಿ ದೊಡ್ಡದಾಗಿ, 29, 31, 39, 41ರಂತಹ ವಯಸ್ಸುಗಳಲ್ಲಿ ಅಸಹಜವಾಗಿ ಚಿಕ್ಕದಾಗಿ ಕಾಣುತ್ತದೆ.

ಒಂದು ದಾಖಲೆಯಲ್ಲಿ ದುಂಡು ವಯಸ್ಸುಗಳ ಪ್ರಮಾಣ ಎಷ್ಟಿದೆ ಎಂಬುದನ್ನು ಅಳೆಯಲು *ವಿಪಲ್ ಸೂಚ್ಯಂಕ* ಎಂಬ ಮಾಪನವಿದೆ. 23ರಿಂದ 62 ವರ್ಷದವರೆಗಿನವರಲ್ಲಿ ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸಿನವರ ಸಂಖ್ಯೆಯನ್ನು ಐದರಿಂದ ಗುಣಿಸಿ, ಆ ವಯೋಮಾನದ ಒಟ್ಟು ಜನರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. 100 ಬಂದರೆ ದುಂಡಾಗಿಸುವಿಕೆ ಕಾಣುವುದಿಲ್ಲ. 500 ಬಂದರೆ ಎಲ್ಲರ ವಯಸ್ಸೂ ದುಂಡಾಗಿದೆ. ಒಂದು ಗ್ರಾಮದ ಮತದಾರರ ಪಟ್ಟಿ ಕೈಯಲ್ಲಿದ್ದರೆ, ಬೇಕಾದ ವ್ಯಕ್ತಿಯ ಸಾಲನ್ನು ಮಾತ್ರ ನೋಡದೆ ಇಡೀ ಪುಟದ ವಯಸ್ಸುಗಳನ್ನು ಗಮನಿಸುವುದರಿಂದಲೂ ಇದೇ ತಿಳಿವಳಿಕೆ ದೊರೆಯುತ್ತದೆ. ಪುಟದ ತುಂಬ 35, 40, 45ಗಳೇ ಇದ್ದರೆ ಅಲ್ಲಿನ ಯಾವ ವಯಸ್ಸಿನ ಮೇಲೂ ಒಂದು ವರ್ಷದ ಜನನಾವಧಿಯನ್ನು ಕಟ್ಟುವಂತಿಲ್ಲ. ಅಂತಹ ಪುಟದ 40 ಎಂಬುದನ್ನು ಮೂವತ್ತರ ನಡುಭಾಗದಿಂದ ನಲವತ್ತರ ನಡುಭಾಗದವರೆಗೆ ಎಂದು ಓದುವುದು ಸುರಕ್ಷಿತ.

ಕೆಲವೊಮ್ಮೆ ದುಂಡಾಗಿಸುವುದೇ ಸರ್ಕಾರಿ ನಿಯಮವಾಗಿತ್ತು. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ವರ್ಷ ಮೀರಿದವರ ವಯಸ್ಸನ್ನು ಐದರ ಕೆಳಗಿನ ಗುಣಕಕ್ಕೆ ಇಳಿಸಿ ಬರೆಯುವಂತೆ ಸೂಚಿಸಲಾಗಿತ್ತು. 35ರಿಂದ 39ರವರೆಗಿನ ಎಲ್ಲರೂ ಅಲ್ಲಿ 35 ಆಗುತ್ತಾರೆ. ಆ ಗಣತಿ 1841ರ ಜೂನ್ 6ಕ್ಕೆ ಸಂಬಂಧಿಸಿದ್ದರಿಂದ, 35 ಎಂದು ನಮೂದಾದವರ ಜನನಾವಧಿಯು 1801ರ ಜೂನ್ 7ರಿಂದ 1806ರ ಜೂನ್ 6ರವರೆಗಿನ ಐದು ವರ್ಷ. ಎಲ್ಲ ಗಣತಿದಾರರೂ ಈ ಸೂಚನೆಯನ್ನು ಪಾಲಿಸಲಿಲ್ಲವಾದ್ದರಿಂದ, 37ರಂತಹ ವಯಸ್ಸು ಕಂಡುಬಂದರೆ ಅದನ್ನು ಸಾಮಾನ್ಯ ವಯಸ್ಸಿನಂತೆಯೇ ಎಣಿಸಬಹುದು.

ಕನ್ನಡದ ಕ್ರಯಪತ್ರ, ಒಪ್ಪಂದಪತ್ರಗಳಲ್ಲಿ ಬರುವ "ವಯಸ್ಸು ಸುಮಾರು 40 ವರ್ಷ" ಎಂಬಲ್ಲಿನ "ಸುಮಾರು" ಪತ್ರಬರಹದ ರೂಢಿಯ ಮಾತು. ವಯಸ್ಸು ನಿಖರವಾಗಿ ತಿಳಿದಿದ್ದಾಗಲೂ ಅದನ್ನು ಬಳಸಲಾಗುತ್ತದೆ. ಆದ್ದರಿಂದ "ಸುಮಾರು 40"ಕ್ಕಿಂತ "ಸುಮಾರು 43" ಎಂಬ ಬರಹ ಹೆಚ್ಚು ವಿಶ್ವಾಸಾರ್ಹ.

## ದಾಖಲೆಯ ವರ್ಷ ಶಕದಲ್ಲಿದ್ದರೆ

ಕರ್ನಾಟಕದ ಹಳೆಯ ಪತ್ರಗಳಲ್ಲಿ ಕಾಲವನ್ನು ಶಾಲಿವಾಹನ ಶಕವರ್ಷ ಮತ್ತು ಸಂವತ್ಸರದ ಹೆಸರಿನಿಂದ ಸೂಚಿಸಿರುವುದುಂಟು. ಚಾಂದ್ರಮಾನದ ವರ್ಷವು ಯುಗಾದಿಯಂದು ಆರಂಭವಾಗುತ್ತದೆ. ಆದ್ದರಿಂದ ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗಿನ ದಾಖಲೆಗೆ ಶಕವರ್ಷಕ್ಕೆ 78ನ್ನೂ, ಜನವರಿಯಿಂದ ಮುಂದಿನ ಯುಗಾದಿಯವರೆಗಿನ ದಾಖಲೆಗೆ 79ನ್ನೂ ಕೂಡಿಸಬೇಕು. ಉದಾಹರಣೆಗೆ, ಶಕ 1830ರ ಕೀಲಕ ಸಂವತ್ಸರವು 1908ರ ಯುಗಾದಿಯಿಂದ 1909ರ ಯುಗಾದಿಯವರೆಗೆ ನಡೆಯಿತು. ಅದೇ ಸಂವತ್ಸರದ ಶ್ರಾವಣ ಮಾಸದ ಪತ್ರ 1908ಕ್ಕೂ ಮಾಘ ಮಾಸದ ಪತ್ರ 1909ಕ್ಕೂ ಸೇರುತ್ತದೆ. ಮಾಸವನ್ನು ಗಮನಿಸದೆ 78ನ್ನೇ ಕೂಡಿಸಿದರೆ, ವಯಸ್ಸಿನ ಲೆಕ್ಕ ಸರಿಯಾಗಿದ್ದರೂ ಫಲಿತಾಂಶದಲ್ಲಿ ಒಂದು ವರ್ಷ ತಪ್ಪಬಹುದು.

ಸಂವತ್ಸರದ ಹೆಸರು ಒಳ್ಳೆಯ ಪರೀಕ್ಷಕವೂ ಹೌದು. ಅರವತ್ತು ವರ್ಷಗಳಿಗೊಮ್ಮೆ ಮಾತ್ರ ಅದೇ ಹೆಸರು ಮರಳುವುದರಿಂದ, ಶಕವರ್ಷದ ಅಂಕಿ ಮಸುಕಾಗಿದ್ದಾಗ ಅಥವಾ ತಪ್ಪಾಗಿ ಓದಿದಾಗ ಹೆಸರಿನೊಡನೆ ಅದು ಹೊಂದುವುದಿಲ್ಲ.

## ಹಲವು ದಾಖಲೆಗಳ ಹೋಲಿಕೆ: ಒಂದು ಉದಾಹರಣೆ

ಒಬ್ಬ ರೈತರ ಬಗ್ಗೆ ಮೂರು ದಾಖಲೆಗಳು ದೊರೆತಿವೆ ಎಂದು ಕಲ್ಪಿಸಿಕೊಳ್ಳೋಣ. ತುಂಬಿದ ವಯಸ್ಸೆಂಬ ಭಾವನೆಯಿಂದ ಪ್ರತಿಯೊಂದರ ಜನನಾವಧಿ ಹೀಗಿದೆ:

| ದಾಖಲೆ | ದಿನಾಂಕ | ವಯಸ್ಸು | ಜನನಾವಧಿ |
|---|---|---|---|
| ಕ್ರಯಪತ್ರ | 14 ಆಗಸ್ಟ್ 1934 | 26 | 15 ಆಗಸ್ಟ್ 1907 – 14 ಆಗಸ್ಟ್ 1908 |
| ಮತದಾರರ ಪಟ್ಟಿ | 1 ಜನವರಿ 1966 | 58 | 2 ಜನವರಿ 1907 – 1 ಜನವರಿ 1908 |
| ಮರಣ ನೋಂದಣಿ | 20 ನವೆಂಬರ್ 1979 | 72 | 21 ನವೆಂಬರ್ 1906 – 20 ನವೆಂಬರ್ 1907 |

ವರ್ಷದಿಂದ ವಯಸ್ಸನ್ನು ಸರಳವಾಗಿ ಕಳೆದರೆ ಕ್ರಮವಾಗಿ 1908, 1908 ಮತ್ತು 1907 ಬರುತ್ತವೆ. ಎರಡು ದಾಖಲೆಗಳು 1908 ಎನ್ನುತ್ತಿರುವುದರಿಂದ ಮರಣ ನೋಂದಣಿಯೇ ತಪ್ಪಿರಬೇಕೆಂದು ತೀರ್ಮಾನಿಸುವ ಸಂಭವವಿದೆ. ಜನನಾವಧಿಗಳನ್ನು ಹೋಲಿಸಿದಾಗ ಮೂರು ದಾಖಲೆಗಳ ನಡುವೆ ವಿರೋಧವೇ ಇಲ್ಲವೆಂಬುದು ಕಾಣುತ್ತದೆ. ಮೂರರಲ್ಲಿಯೂ ಸೇರುವ ಅವಧಿಯನ್ನು ಪಡೆಯಲು ಆರಂಭದ ದಿನಾಂಕಗಳಲ್ಲಿ ಎಲ್ಲಕ್ಕಿಂತ ಈಚಿನದನ್ನೂ, ಕೊನೆಯ ದಿನಾಂಕಗಳಲ್ಲಿ ಎಲ್ಲಕ್ಕಿಂತ ಹಿಂದಿನದನ್ನೂ ಆರಿಸಬೇಕು. ಇಲ್ಲಿ ಅದು 1907ರ ಆಗಸ್ಟ್ 15ರಿಂದ ನವೆಂಬರ್ 20ರವರೆಗಿನ ಮೂರು ತಿಂಗಳ ಕಾಲ. ಜನ್ಮವರ್ಷ 1907.

ಈ ಫಲಿತಾಂಶ ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು ಒಂದೊಂದು ವಯಸ್ಸನ್ನೂ ನಡೆಯುವ ವಯಸ್ಸೆಂದು ಓದಿ ನೋಡಬೇಕು. ಕ್ರಯಪತ್ರದ 26ನ್ನು ಹಾಗೆ ಓದಿದರೆ ಜನನಾವಧಿಯು 1908ರ ಆಗಸ್ಟ್ 15ರ ನಂತರಕ್ಕೆ ಸರಿದು, ಉಳಿದ ಎರಡರೊಡನೆ ಸೇರುವುದೇ ಇಲ್ಲ. ಆ ಓದನ್ನು ಕೈಬಿಡಬಹುದು. ಮರಣ ನೋಂದಣಿಯ 72ನ್ನು ಹಾಗೆ ಓದಿದರೆ ಸಾಮಾನ್ಯ ಅವಧಿಯು 1907ರ ನವೆಂಬರ್ 21ರಿಂದ 1908ರ ಜನವರಿ 1ರವರೆಗೆ ಆಗುತ್ತದೆ. ಅಂದರೆ ತಿಂಗಳು ಬದಲಾಗುತ್ತದೆ. ಕೊನೆಯ ಒಂದು ದಿನವನ್ನು ಬಿಟ್ಟರೆ ವರ್ಷ ಬದಲಾಗುವುದಿಲ್ಲ.

ಮತದಾರರ ಪಟ್ಟಿಯ 58ನ್ನು ಮಾತ್ರ ನಡೆಯುವ ವಯಸ್ಸೆಂದು ಓದಿದರೆ ಅದರ ಅವಧಿಯು 1908ರ ಜನವರಿ 2ರಿಂದ ಆರಂಭವಾಗುತ್ತದೆ. ಆಗ ಮರಣ ನೋಂದಣಿಯ 72ನ್ನೂ ಹಾಗೆಯೇ ಓದಿದಲ್ಲಿ 1908 ಸಾಧ್ಯವಾಗುತ್ತದೆ. ಆದ್ದರಿಂದ ಇಡೀ ತೀರ್ಮಾನ ನಿಂತಿರುವುದು ಪಟ್ಟಿಯ ವಯಸ್ಸಿನ ಮೇಲೆ. ಪಟ್ಟಿಯಲ್ಲಿ ಅರ್ಹತಾ ದಿನಾಂಕಕ್ಕೆ ತುಂಬಿದ ವಯಸ್ಸನ್ನೇ ಬರೆಯಬೇಕೆಂಬ ಕಾರಣದಿಂದ ಮೊದಲ ಓದಿಗೆ ಹೆಚ್ಚು ಬಲವಿದೆ. ಆದರೆ ಮನೆಯವರು ಬಾಯಿಮಾತಿನಲ್ಲಿ ನಡೆಯುವ ವಯಸ್ಸನ್ನು ಹೇಳಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು. ಇಂತಹ ಕಡೆ "1907, ಬಹುಶಃ ವರ್ಷದ ಉತ್ತರಾರ್ಧ" ಎಂದು ಬರೆಯುವುದು ದಾಖಲೆಗಳ ಬಲಕ್ಕೆ ತಕ್ಕ ಮಾತು.

ಕುಟುಂಬದಲ್ಲಿ ಅವರು ಪ್ಲವಂಗ ಸಂವತ್ಸರದಲ್ಲಿ ಹುಟ್ಟಿದರೆಂಬ ನೆನಪಿದ್ದರೆ, 1907ರ ಯುಗಾದಿಯಿಂದ 1908ರ ಯುಗಾದಿಯವರೆಗಿನ ಆ ಸಂವತ್ಸರ ಮೇಲಿನ ಫಲಿತಾಂಶಕ್ಕೆ ಹೊಂದುತ್ತದೆ. 1908ರ ಆರಂಭದ ಕೆಲವು ತಿಂಗಳುಗಳೂ ಅದರಲ್ಲಿ ಸೇರಿರುವುದರಿಂದ ಅದೊಂದೇ ನಿರ್ಣಾಯಕವಲ್ಲ.

## ಉದ್ದೇಶಪೂರ್ವಕ ವ್ಯತ್ಯಾಸಗಳು

ವಯಸ್ಸಿನಿಂದ ಹಕ್ಕು ಅಥವಾ ಅನರ್ಹತೆ ಉಂಟಾಗುವ ಕಡೆ ಆ ಗಡಿಯ ಸಮೀಪದ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. 1875ರ ಭಾರತೀಯ ಪ್ರಾಪ್ತವಯಸ್ಕತೆ ಕಾಯಿದೆಯು ಸಾಮಾನ್ಯವಾಗಿ 18 ವರ್ಷವನ್ನು ಪ್ರಾಪ್ತ ವಯಸ್ಸೆಂದು ಗೊತ್ತುಪಡಿಸಿತು. ಅಪ್ರಾಪ್ತರು ಕ್ರಯಪತ್ರ ಬರೆದುಕೊಡುವಂತಿರಲಿಲ್ಲ. ಆದ್ದರಿಂದ ಪತ್ರದಲ್ಲಿನ 18 ಅಥವಾ 19 ಎಂಬ ವಯಸ್ಸು ಹೆಚ್ಚಿಸಿದ್ದಾಗಿರಬಹುದು. 1930ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂದ ಶಾರದಾ ಕಾಯಿದೆಯು ಮದುವೆಗೆ ಹುಡುಗಿಗೆ 14, ಹುಡುಗನಿಗೆ 18 ವರ್ಷದ ಕನಿಷ್ಠ ವಯಸ್ಸನ್ನು ವಿಧಿಸಿತು. ಮತದಾನದ ವಯಸ್ಸು 1989ರಲ್ಲಿ 18ಕ್ಕೆ ಇಳಿಯುವವರೆಗೆ 21 ಆಗಿತ್ತು. ಮೇಲಿನ ಉದಾಹರಣೆಯ 26, 58, 72 ಇಂತಹ ಯಾವ ಗಡಿಯ ಬಳಿಯೂ ಇಲ್ಲ, ದುಂಡು ಸಂಖ್ಯೆಗಳೂ ಅಲ್ಲ.

ನೌಕರಿಯ ದಾಖಲೆಗಳಲ್ಲಿ ವಿರುದ್ಧ ದಿಕ್ಕಿನ ಒಲವು ಕಾಣುತ್ತದೆ. ನಿವೃತ್ತಿ ತಡವಾಗಲೆಂದು ವಯಸ್ಸನ್ನು ಕಡಿಮೆ ಬರೆಸಿರಬಹುದು. ಕರ್ನಾಟಕದ ಶಾಲಾ ದಾಖಲೆಗಳಲ್ಲಿ ಜೂನ್ 1 ಎಂಬ ಜನ್ಮದಿನಾಂಕ ಬಹಳ ಮಂದಿಗೆ ಇರುವುದಕ್ಕೆ ಕಾರಣ, ಶಾಲೆ ಆರಂಭವಾಗುವ ಹೊತ್ತಿಗೆ ಪ್ರವೇಶದ ವಯಸ್ಸು ತುಂಬಿರುವಂತೆ ದಿನಾಂಕವನ್ನು ನಮೂದಿಸಿದ್ದು. ಇಂತಹ ದಿನಾಂಕ ಪೂರ್ಣವಾಗಿ ಕಂಡರೂ ಅದು ಅಂದಾಜಿನ ವಯಸ್ಸೇ ಆಗಿರುತ್ತದೆ.

## ಮಿತಿಗಳು ಮತ್ತು ಬರೆಯುವ ಕ್ರಮ

ದಾಖಲೆಗಳ ಸಂಖ್ಯೆಗಿಂತ ಅವುಗಳ ಸ್ವತಂತ್ರತೆ ಮುಖ್ಯ. ನೌಕರನ ಸೇವಾ ಪುಸ್ತಕ, ಪಿಂಚಣಿ ಪತ್ರ ಮತ್ತು ಗುರುತಿನ ಚೀಟಿ ಮೂರೂ ಶಾಲಾ ಪ್ರಮಾಣಪತ್ರದಿಂದ ನಕಲಾಗಿದ್ದರೆ ಅವು ಮೂರು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯ. ಮತದಾರರ ಪಟ್ಟಿಗಳಲ್ಲಿಯೂ ಹಿಂದಿನ ಪಟ್ಟಿಯ ವಯಸ್ಸನ್ನು ಪರಿಷ್ಕರಿಸದೆ ಉಳಿಸಿಕೊಂಡಿರುವುದುಂಟು. ಎರಡು ಬೇರೆ ವರ್ಷಗಳ ಪಟ್ಟಿಗಳಲ್ಲಿ ಮನೆಯವರೆಲ್ಲರ ವಯಸ್ಸೂ ಬದಲಾಗದೆ ಇದ್ದರೆ ಇದನ್ನು ಗುರುತಿಸಬಹುದು. ಜೊತೆಗೆ ವಯಸ್ಸನ್ನು ಹೇಳಿದವರು ಯಾರೆಂಬುದನ್ನೂ ನೋಡಬೇಕು. ಕ್ರಯಪತ್ರದಲ್ಲಿ ವ್ಯಕ್ತಿ ಸ್ವತಃ ಹಾಜರಿರುತ್ತಾರೆ. ಮರಣ ನೋಂದಣಿಯಲ್ಲಿ ಮಾಹಿತಿ ಕೊಡುವವರು ಮಕ್ಕಳು, ಮೊಮ್ಮಕ್ಕಳು ಅಥವಾ ನೆರೆಯವರು.

ಜನನಾವಧಿಗಳು ಒಂದಕ್ಕೊಂದು ಸೇರದಿದ್ದಾಗ ಸರಾಸರಿ ತೆಗೆಯುವುದು ಸರಿಯಲ್ಲ. ಅಂತರ ಒಂದು ವರ್ಷದೊಳಗಿದ್ದರೆ ನಡೆಯುವ ವಯಸ್ಸಿನ ಸಾಧ್ಯತೆಯನ್ನೂ, ಹೆಚ್ಚಿದ್ದರೆ ದುಂಡು ವಯಸ್ಸು ಅಥವಾ ಗಡಿಯ ಪ್ರಭಾವವನ್ನೂ ಪರಿಶೀಲಿಸಬೇಕು. ಅಂತರ ಹತ್ತು ವರ್ಷ ಮೀರಿದರೆ ಎರಡು ದಾಖಲೆಗಳು ಒಂದೇ ಹೆಸರಿನ ಇಬ್ಬರು ವ್ಯಕ್ತಿಗಳವಾಗಿರಬಹುದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆತನಗಳಲ್ಲಿ ಇದು ಅಪರೂಪವಲ್ಲ.

ಲೆಕ್ಕದಿಂದ ಪಡೆದ ವರ್ಷವನ್ನು ನೇರ ದಾಖಲೆಯ ವರ್ಷದಿಂದ ಪ್ರತ್ಯೇಕಿಸಿ ಬರೆಯುವುದು ರೂಢಿ. ಎರಡು ವರ್ಷಗಳಲ್ಲಿ ಒಂದು ಖಚಿತವಾಗದಿದ್ದಾಗ "1893/1894" ಎಂದೂ, ದುಂಡು ವಯಸ್ಸಿನಿಂದ ಪಡೆದಾಗ "ಸು. 1890" ಎಂದೂ ಬರೆಯಲಾಗುತ್ತದೆ. ಜೊತೆಯಲ್ಲಿ ದಾಖಲೆಯ ದಿನಾಂಕವನ್ನೂ ಅದರಲ್ಲಿ ಕಂಡ ವಯಸ್ಸನ್ನೂ ನಮೂದಿಸಿದರೆ, ಮುಂದೆ ಇನ್ನೊಂದು ದಾಖಲೆ ದೊರೆತಾಗ ಜನನಾವಧಿಯನ್ನು ಮತ್ತೆ ಲೆಕ್ಕಹಾಕಲು ಸಾಧ್ಯವಾಗುತ್ತದೆ.